ಫೈಲು ಹೊಸದು, ಲೆಕ್ಕ ಹಳೆಯದು

2025ರ ಆಗಸ್ಟ್ 6, ಬುಧವಾರ. ಮಧ್ಯಾಹ್ನ 3 ಗಂಟೆ 42 ನಿಮಿಷಕ್ಕೆ ನಮ್ಮ ಸೀರೆ ಅಂಗಡಿಯ ವೆಬ್‌ಸೈಟಿಗೆ ಹಾವೇರಿಯಿಂದ ಒಂದು ಆರ್ಡರ್ ಬಂತು. ಹಸಿರು ಒಡಲು, ಮರೂನ್ ಅಂಚಿನ ಸೆಮಿ ಸಿಲ್ಕ್ ಸೀರೆ; ಬೆಲೆ 1,450 ರೂಪಾಯಿ. ಮಗಳ ಸೀಮಂತಕ್ಕೆ ಬೇಕು, ಎರಡು ವಾರದೊಳಗೆ ತಲುಪಿಸಿ ಎಂದು ಕೆಳಗೊಂದು ಟಿಪ್ಪಣಿ. ದುಡ್ಡು ಆಗಲೇ ಜಮಾ ಆಗಿತ್ತು. ಆರ್ಡರನ್ನು ಸೂರತ್ತಿನ ಸಗಟು ವ್ಯಾಪಾರಿಗೆ ದಾಟಿಸಿದೆವು. ಮರುದಿನ ಬೆಳಿಗ್ಗೆ 10.20ಕ್ಕೆ ಅಲ್ಲಿಂದ ವಾಟ್ಸಾಪ್ ಉತ್ತರ ಬಂತು: ಮಾಲು ಮುಗಿದಿದೆ, ಬೇರೆ ಬಣ್ಣ ಕಳಿಸಲೇ?

ಸೀಮಂತಕ್ಕೆ ಹಸಿರು ಸೀರೆ ಎಂದರೆ ಹಸಿರು ಸೀರೆಯೇ. ಅತ್ತಿಗೆ ಫೋನ್ ಮಾಡಿ ಕ್ಷಮೆ ಕೇಳಿದರು. ಆ ಕಡೆಯಿಂದ ಹೆಣ್ಣುಮಗಳು ಹೇಳಿದ ಮಾತು ಸ್ಪೀಕರಿನಲ್ಲಿ ನನಗೂ ಕೇಳಿಸಿತು: “ಇಲ್ಲಂದ್ರ ಮೊದಲ ಇಲ್ಲ ಅನ್ನಬೇಕಿತ್ತಲ್ಲವಾ. ರೊಕ್ಕ ತಗೊಂಡ ಮ್ಯಾಲೆ ಇಲ್ಲಂದ್ರ ಹೆಂಗ?”

ಅಂಗಡಿ ಅತ್ತಿಗೆಯದು. ದಾವಣಗೆರೆಯ ಮನೆಯ ಮುಂದಿನ ಕೋಣೆಯಿಂದಲೇ ನಡೆಸುತ್ತಾರೆ. ಲೆಕ್ಕ ಮತ್ತು ಕಂಪ್ಯೂಟರಿನ ಕೆಲಸ ನನ್ನದು. ಹಿಂದಿನ ನಾಲ್ಕು ವಾರದಲ್ಲಿ ಬಂದ 212 ಆರ್ಡರುಗಳಲ್ಲಿ 14 ಹೀಗೆಯೇ ಆಗಿದ್ದವು. ಪ್ರತಿ ಸಲವೂ ಸೂರತ್ತಿಗೆ ಹೇಳಿದ್ದೆವು, ಪ್ರತಿ ಸಲವೂ “ಸಾರಿ, ಇನ್ನು ಆಗಲ್ಲ” ಎಂಬ ಉತ್ತರ ಬಂದಿತ್ತು. ಮುಂದಿನ ವಾರ ಮತ್ತೆ ಆಗುತ್ತಿತ್ತು. ಇದೇ ತಾಪತ್ರಯ ಇರುವ ಸಣ್ಣ ಅಂಗಡಿಗಳು ಈಗ ಊರೂರಿನಲ್ಲಿವೆ. ಆದ್ದರಿಂದ ನಮ್ಮ ದೂರು ಯಾಕೆ ನಾಟಲಿಲ್ಲ, ಹೇಗೆ ಹೇಳಿದಾಗ ನಾಟಿತು ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಒಂದು ಅಂಕಿಯ ಪ್ರಯಾಣ

ಡ್ರಾಪ್‌ಶಿಪ್ಪಿಂಗ್ ಎಂದರೆ ಮಾಲು ಇಟ್ಟುಕೊಳ್ಳದೆ ಮಾಡುವ ವ್ಯಾಪಾರ. ಸೀರೆಯ ಫೋಟೋ ನಮ್ಮ ಸೈಟಿನಲ್ಲಿ, ಸೀರೆ ಸೂರತ್ತಿನ ಗೋದಾಮಿನಲ್ಲಿ. ಗ್ರಾಹಕರು ನಮಗೆ ದುಡ್ಡು ಕೊಡುತ್ತಾರೆ, ನಾವು ಸಗಟು ದರವನ್ನು ಸರಬರಾಜುದಾರರಿಗೆ ಕೊಡುತ್ತೇವೆ, ಅವರು ನೇರವಾಗಿ ಗ್ರಾಹಕರ ವಿಳಾಸಕ್ಕೆ ಪಾರ್ಸೆಲ್ ಮಾಡುತ್ತಾರೆ. ಮಾಲು ನಮ್ಮ ಕಣ್ಣಿಗೇ ಬೀಳುವುದಿಲ್ಲ. ಅದು ಇದೆಯೋ ಇಲ್ಲವೋ ಎಂದು ನಮಗೆ ತಿಳಿಸುವುದು ಒಂದು ಅಂಕಿ ಮಾತ್ರ.

ಆ ಅಂಕಿ ಮೂರು ಕಡೆ ಇರುತ್ತದೆ. ಮೊದಲನೆಯದು ಸರಬರಾಜುದಾರರ ಬಿಲ್ಲಿಂಗ್ ತಂತ್ರಾಂಶದಲ್ಲಿ. ಅದರಿಂದ ಗಂಟೆಗೊಮ್ಮೆ ಒಂದು ಪಟ್ಟಿ ತಯಾರಾಗುತ್ತದೆ. ಇದನ್ನು ಸ್ಟಾಕ್ ಫೀಡ್ ಎನ್ನುತ್ತಾರೆ. ಪ್ರತಿ ವಿನ್ಯಾಸಕ್ಕೆ ಒಂದು ಸಾಲು, ಅದರಲ್ಲಿ ಮಾಲಿನ ಕೋಡು, ಉಳಿದಿರುವ ಸಂಖ್ಯೆ, ಬರೆದ ಸಮಯ. ನಮ್ಮ ಹಸಿರು ಸೀರೆಯ ಸಾಲು ಹೀಗಿತ್ತು:

```
sku,qty,updated_at
04512,2,2025-08-06 15:00
```

ಎರಡನೆಯದು ಈ ಫೈಲು. ಮೂರನೆಯದು ನಮ್ಮ ಅಂಗಡಿಯ ಪುಟ. ನಮ್ಮ ಸೈಟು ಗಂಟೆಗೊಮ್ಮೆ ಫೈಲನ್ನು ಓದಿ ತನ್ನ ಅಂಕಿಯನ್ನು ತಿದ್ದಿಕೊಳ್ಳುತ್ತದೆ. ಈ ಮೂರೂ ಅಂಕಿಗಳು, ಕಪಾಟಿನಲ್ಲಿ ನಿಜಕ್ಕೂ ಇರುವ ಸೀರೆಗಳ ಸಂಖ್ಯೆಯೂ ಒಂದೇ ಆಗಿದ್ದರೆ ಎಲ್ಲ ಸರಿ. ಎಲ್ಲೋ ಒಂದು ಕಡೆ ಅಂಕಿ ಹಳಸಿದರೆ ಇಲ್ಲದ ಸೀರೆಗೆ ಆರ್ಡರ್ ಬೀಳುತ್ತದೆ.

“ಸ್ಟಾಕ್ ತಪ್ಪು ಬರುತ್ತಿದೆ” ಎಂಬ ನಮ್ಮ ದೂರಿನಲ್ಲಿದ್ದ ಕೊರತೆ ಇದೇ. ಅಂಕಿ ಎಲ್ಲಿ ಹಳಸುತ್ತಿದೆ ಎಂಬುದು ಅದರಲ್ಲಿ ಇರಲಿಲ್ಲ. ಜೊತೆಗೆ, ವಾಟ್ಸಾಪಿನಲ್ಲಿ ನಮಗೆ ಉತ್ತರ ಕೊಡುತ್ತಿದ್ದವನು ಪಾರ್ಸೆಲ್ ಕಟ್ಟುವ ವಿಭಾಗದ ಹುಡುಗ. ಆ ಒಂದು ಆರ್ಡರಿಗೆ ಬದಲಿ ಸೀರೆ ಕೊಡುವುದಷ್ಟೇ ಅವನ ಕೈಯಲ್ಲಿತ್ತು. ಫೈಲು ಹೇಗೆ ತಯಾರಾಗುತ್ತದೆ ಎಂಬುದು ಅವನಿಗೂ ಗೊತ್ತಿರಲಿಲ್ಲ.

ಪ್ರತಿ ಆರ್ಡರಿಗೂ ನಾಲ್ಕು ಹೊತ್ತು

ಒಂದು ಭಾನುವಾರ ಕೂತು 14 ಆರ್ಡರುಗಳನ್ನೂ ಒಂದು ನೋಟ್‌ಬುಕ್ಕಿಗೆ ಇಳಿಸಿದೆವು. ಪ್ರತಿಯೊಂದರ ಮುಂದೆ ನಾಲ್ಕು ಹೊತ್ತು ಬರೆಯಲು ಜಾಗ ಬಿಟ್ಟೆವು. ಒಂದು, ಸೂರತ್ತಿನಲ್ಲಿ ಮಾಲು ನಿಜಕ್ಕೂ ಮುಗಿದ ಹೊತ್ತು. ಎರಡು, ಫೈಲಿನಲ್ಲಿ ಸೊನ್ನೆ ಕಾಣಿಸಿದ ಹೊತ್ತು. ಮೂರು, ನಮ್ಮ ಸೈಟು ಆರ್ಡರಿಗೆ ಮೊದಲು ಕೊನೆಯ ಸಲ ಫೈಲು ಓದಿದ ಹೊತ್ತು. ನಾಲ್ಕು, ಗ್ರಾಹಕರು ಆರ್ಡರ್ ಮಾಡಿದ ಹೊತ್ತು. ಮೊದಲನೆಯದು ಸರಬರಾಜುದಾರರಿಗಷ್ಟೇ ಗೊತ್ತು. ಉಳಿದ ಮೂರೂ ನಮ್ಮ ಸೈಟಿನ ಆಮದು ದಾಖಲೆಯಲ್ಲಿ ಮತ್ತು ಆರ್ಡರಿನಲ್ಲಿ ಸಿಕ್ಕವು. ಇದನ್ನು ಮಾಡುವವರು ಫೈಲಿನ ಗಡಿಯಾರ ಯಾವುದು ಎಂದು ಮೊದಲು ನೋಡಿಕೊಳ್ಳಬೇಕು. ಕೆಲವು ತಂತ್ರಾಂಶಗಳು ಅಂತರರಾಷ್ಟ್ರೀಯ ಸಮಯದಲ್ಲಿ ಬರೆಯುತ್ತವೆ, ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ ಇರುತ್ತದೆ.

ಈ ನಾಲ್ಕು ಹೊತ್ತನ್ನು ಸಾಲಾಗಿ ಇಟ್ಟರೆ ತಪ್ಪು ಎಲ್ಲಿದೆ ಎಂಬುದು ತಾನಾಗಿ ಕಾಣುತ್ತದೆ. ಫೈಲು ಸೊನ್ನೆ ತೋರಿಸಿದ ಮೇಲೆಯೂ ಆರ್ಡರ್ ಬಿದ್ದಿದ್ದರೆ ತಪ್ಪು ನಮ್ಮದು; ನಾವು ಓದಿಲ್ಲ, ಇಲ್ಲವೇ ತಪ್ಪಾಗಿ ಓದಿದ್ದೇವೆ. ಮಾಲು ಮುಗಿದ ಮೇಲೆ, ಆದರೆ ಫೈಲು ಸೊನ್ನೆ ತೋರಿಸುವ ಮೊದಲು ಆರ್ಡರ್ ಬಿದ್ದಿದ್ದರೆ ಅಂಕಿ ಹಳಸಿದ್ದು ಅವರ ಕಡೆ. ಮಾಲು ಇನ್ನೂ ಇದ್ದಾಗಲೇ ಆರ್ಡರ್ ಬಿದ್ದು, ಆಮೇಲೆ ಅದು ಇನ್ನೊಬ್ಬರ ಪಾಲಾಗಿದ್ದರೆ ಅಂಕಿಯದೇನೂ ತಪ್ಪಿಲ್ಲ. ನಮ್ಮ ಆರ್ಡರಿಗೆ ಸೀರೆಯನ್ನು ತೆಗೆದಿಡುವ ಪದ್ಧತಿ ಅಲ್ಲಿಲ್ಲ ಎಂದರ್ಥ.

ಮೊದಲು ನಮ್ಮ ಅಂಗಳ

ನಿಜ ಹೇಳಬೇಕೆಂದರೆ 14ರಲ್ಲಿ 5 ನಮ್ಮದೇ ತಪ್ಪಿನಿಂದ ಆಗಿದ್ದವು.

ಅವುಗಳಲ್ಲಿ ಮೂರು ಬೆಳಗಿನ ಜಾವ ಬಂದ ಆರ್ಡರುಗಳು. ನಮ್ಮ ಸೈಟು ವೂಕಾಮರ್ಸ್‌ನಲ್ಲಿದೆ, ಅದು ವರ್ಡ್‌ಪ್ರೆಸ್ ಮೇಲೆ ನಡೆಯುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಗಂಟೆಗೊಮ್ಮೆ ಆಗಬೇಕಾದ ಕೆಲಸಗಳನ್ನು ನೋಡಿಕೊಳ್ಳುವ WP-Cron ಎಂಬ ವ್ಯವಸ್ಥೆ ತಾನಾಗಿ ಎಚ್ಚರಗೊಳ್ಳುವುದಿಲ್ಲ. ಯಾರಾದರೂ ಸೈಟಿನ ಪುಟ ತೆರೆದಾಗ ಮಾತ್ರ, ಬಾಕಿ ಕೆಲಸ ಇದೆಯೇ ಎಂದು ನೋಡುತ್ತದೆ. ರಾತ್ರಿ ಒಂದರಿಂದ ಐದರವರೆಗೆ ನಮ್ಮ ಸೈಟಿಗೆ ಯಾರೂ ಬರುತ್ತಿರಲಿಲ್ಲ, ಫೈಲೂ ಓದಿಸಿಕೊಳ್ಳುತ್ತಿರಲಿಲ್ಲ. ಐದೂವರೆಗೆ ಎದ್ದು ಫೋನ್ ಹಿಡಿದ ಮೊದಲ ಗ್ರಾಹಕರಿಗೆ ಹಿಂದಿನ ರಾತ್ರಿಯ ಅಂಕಿ ಕಾಣಿಸುತ್ತಿತ್ತು. ಸರ್ವರಿನ ಗಡಿಯಾರವೇ ಗಂಟೆಗೊಮ್ಮೆ ಆ ಕೆಲಸವನ್ನು ಎಬ್ಬಿಸುವಂತೆ ಹೋಸ್ಟಿಂಗ್‌ನವರಿಂದ ಹೊಂದಿಸಿಕೊಂಡೆವು. ಅಲ್ಲಿಗೆ ಆ ತೊಂದರೆ ನಿಂತಿತು.

ಇನ್ನೆರಡು ಬೇರೆ ಬಗೆಯವು. ಆ ವಿನ್ಯಾಸಗಳು ಖಾಲಿಯಾದಾಗ ಫೈಲಿನಲ್ಲಿ ಸೊನ್ನೆ ಬರುವ ಬದಲು ಸಾಲೇ ಮಾಯವಾಗಿತ್ತು. ನಮ್ಮ ಸೈಟು ಇರುವ ಸಾಲುಗಳನ್ನಷ್ಟೇ ತಿದ್ದುತ್ತದೆ. ಇಲ್ಲದ ಸಾಲಿನ ಬಗ್ಗೆ ಏನೂ ಮಾಡುವುದಿಲ್ಲ. ಹಳೆಯ ಅಂಕಿ ವಾರಗಟ್ಟಲೆ ಹಾಗೇ ಕೂತಿತ್ತು. ಫೈಲಿನಲ್ಲಿ ಇಲ್ಲದ ಕೋಡನ್ನು ಸೊನ್ನೆ ಎಂದು ತಿಳಿಯುವ ಆಯ್ಕೆ ಆಮದು ತಂತ್ರಾಂಶದಲ್ಲೇ ಇತ್ತು, ಅದನ್ನು ಹಾಕಿದೆವು. ಆದರೆ ಇದರಲ್ಲಿ ಒಂದು ಅಪಾಯವಿದೆ. ನೆಟ್ ಕಡಿದು ಅರ್ಧ ಫೈಲು ಮಾತ್ರ ಬಂದರೆ ಅರ್ಧ ಅಂಗಡಿ ಖಾಲಿ ಎಂದು ಕಾಣಿಸುತ್ತದೆ. ಹಾಗಾಗಿ ಹೊಸ ಫೈಲಿನ ಸಾಲುಗಳು ಹಿಂದಿನದರ ನೂರಕ್ಕೆ 90ಕ್ಕಿಂತ ಕಡಿಮೆ ಇದ್ದರೆ ಅದನ್ನು ಓದಬಾರದು ಎಂಬ ತಡೆಯನ್ನೂ ಜೊತೆಗೆ ಇಟ್ಟೆವು.

ನಮ್ಮ ಕಡೆ ನೋಡಿಕೊಳ್ಳಬೇಕಾದ ಇನ್ನೊಂದು ಸಂಗತಿ, ಮಾಲು ಮುಗಿದರೂ ಮಾರುವ ಅನುಮತಿ. ವೂಕಾಮರ್ಸ್‌ನಲ್ಲಿ Allow backorders?, ಶಾಪಿಫೈನಲ್ಲಿ Continue selling when out of stock ಎಂಬ ಆಯ್ಕೆ ಇರುತ್ತದೆ. ಅದು ಚಾಲೂ ಇದ್ದರೆ ಸೊನ್ನೆ ಬಂದರೂ ಆರ್ಡರ್ ಬೀಳುತ್ತಲೇ ಇರುತ್ತದೆ. ನಮ್ಮಲ್ಲಿ ಅದು ಚಾಲೂ ಇರಲಿಲ್ಲ. ದೂರು ಬರೆಯುವ ಮೊದಲು ಇಷ್ಟನ್ನು ಖಚಿತ ಮಾಡಿಕೊಳ್ಳದಿದ್ದರೆ ಸರಬರಾಜುದಾರರ ಮೊದಲ ಉತ್ತರವೇ “ನಿಮ್ಮ ಸೈಟು ನೋಡಿಕೊಳ್ಳಿ” ಎಂದಿರುತ್ತದೆ, ಅದು ನ್ಯಾಯವೂ ಹೌದು.

ಹೊಸ ಫೈಲಿನೊಳಗಿನ ಹಳೆಯ ಲೆಕ್ಕ

ಉಳಿದವು 9. ಹಸಿರು ಸೀರೆಯೂ ಇದರಲ್ಲೇ. ನಮ್ಮ ಸೈಟು 3.05ಕ್ಕೆ ಫೈಲು ಓದಿದೆ, ಅದರಲ್ಲಿ 2 ಇದೆ. ಆರ್ಡರ್ 3.42ಕ್ಕೆ. ಫೈಲಿನಲ್ಲಿ ಸೊನ್ನೆ ಬಂದದ್ದು ರಾತ್ರಿ 8ಕ್ಕೆ. ಒಂಬತ್ತನ್ನೂ ಒಟ್ಟಿಗೆ ನೋಡಿದಾಗ ಒಂದು ವಿಷಯ ಎದ್ದು ಕಂಡಿತು: ಎಲ್ಲವೂ ಮಧ್ಯಾಹ್ನದಿಂದ ಸಂಜೆಯೊಳಗೆ ಬಿದ್ದ ಆರ್ಡರುಗಳು, ಮತ್ತು ಎಲ್ಲದಕ್ಕೂ ಸೊನ್ನೆ ಬಂದದ್ದು ರಾತ್ರಿ ಎಂಟರ ಫೈಲಿನಲ್ಲಿ.

ಫೈಲು ಗಂಟೆಗೊಮ್ಮೆ ಹೊಸದಾಗುತ್ತಿದೆ ಎಂದು ಅವರು ಹೇಳುತ್ತಿದ್ದುದು ಸುಳ್ಳಲ್ಲ. ಸಮಯದ ಅಂಕಣ ಪ್ರತಿ ಗಂಟೆಯೂ ಬದಲಾಗುತ್ತಿತ್ತು. ಒಳಗಿನ ಸಂಖ್ಯೆಗಳು ಬದಲಾಗುತ್ತಿವೆಯೇ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ನೋಡಲು ಆಗಸ್ಟ್ 11ರಿಂದ ಒಂದು ವಾರ ಪ್ರತಿ ಗಂಟೆಯ ಫೈಲಿನ ಪ್ರತಿಯನ್ನು ಎತ್ತಿಟ್ಟೆವು. ಅಕ್ಕಪಕ್ಕದ ಎರಡು ಗಂಟೆಯ ಫೈಲುಗಳಿಂದ ಸಮಯದ ಅಂಕಣವನ್ನು ಬಿಟ್ಟು, ಕೋಡು ಮತ್ತು ಸಂಖ್ಯೆಯನ್ನಷ್ಟೇ ಹೋಲಿಸಬೇಕು. ಸಮಯವನ್ನೂ ಸೇರಿಸಿದರೆ ಎಲ್ಲ ಸಾಲುಗಳೂ ಬದಲಾದಂತೆ ಕಾಣುತ್ತವೆ. ನಾನು ಬಳಸಿದ ಆದೇಶಗಳು ಇಷ್ಟೇ. ಬದಲಾದ ಸಾಲುಗಳೆಷ್ಟು ಎಂದು ಕೊನೆಯದು ಎಣಿಸಿ ಹೇಳುತ್ತದೆ:

```
cut -d, -f1,2 stock-2025-08-12-12.csv > a.txt
cut -d, -f1,2 stock-2025-08-12-13.csv > b.txt
diff a.txt b.txt | grep -c '^>'
```

ಕಂಪ್ಯೂಟರ್ ಆದೇಶಗಳ ಅಭ್ಯಾಸವಿಲ್ಲದವರು ಎರಡು ಫೈಲನ್ನೂ ಎಕ್ಸೆಲ್‌ನಲ್ಲಿ ಅಕ್ಕಪಕ್ಕ ಇಟ್ಟು ನೋಡಬಹುದು. ಆದರೆ ಎಕ್ಸೆಲ್ 04512 ಎಂಬ ಕೋಡಿನ ಮುಂದಿನ ಸೊನ್ನೆಯನ್ನು ತೆಗೆದು 4512 ಮಾಡಿಬಿಡುತ್ತದೆ. ಹಾಗಾಗಿ ನೋಡಿದ ಮೇಲೆ ಉಳಿಸದೆ ಮುಚ್ಚಬೇಕು.

ಫಲಿತಾಂಶ ಹೀಗಿತ್ತು. ಬೆಳಿಗ್ಗೆ 11ರಿಂದ ಸಂಜೆ 7ರವರೆಗೆ ಗಂಟೆಗೆ ಆರೇಳು ಸಾಲು ಬದಲಾಗುತ್ತಿದ್ದವು. ಏಳರಿಂದ ಎಂಟರೊಳಗೆ ಒಮ್ಮೆಗೇ ನೂರಕ್ಕೂ ಹೆಚ್ಚು ಸಾಲು ಬದಲಾಗುತ್ತಿದ್ದವು. ಆ ವಾರ ದಿನವೂ ಹೀಗೇ ಇತ್ತು. ಮಾರಾಟ ಹಾಗೆ ಒಂದೇ ಗಂಟೆಯಲ್ಲಿ ಉಕ್ಕುವುದಿಲ್ಲ. ದಿನವಿಡೀ ಮಾರಾಟವಾದ ಮಾಲನ್ನು ಯಾರೋ ಸಂಜೆ ಒಟ್ಟಿಗೆ ಕಂಪ್ಯೂಟರಿಗೆ ಏರಿಸುತ್ತಿದ್ದಾರೆ ಎಂದು ನಮಗೆ ಅನ್ನಿಸಿತು. ಆನ್‌ಲೈನ್ ಆರ್ಡರುಗಳು ಕೂಡಲೇ ಕಳೆಯುತ್ತಿದ್ದವು. ಕಳೆಯದೆ ಉಳಿಯುತ್ತಿದ್ದದ್ದು ಬೇರೆ ಯಾವುದೋ ಮಾರಾಟ.

ದೂರಿನ ಪತ್ರ

ಈ ಸಲ ವಾಟ್ಸಾಪ್ ಬಿಟ್ಟೆವು. ಸ್ಟಾಕ್ ಫೈಲನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿ ತಿಳಿದು, ಅಲ್ಲಿನ ಮ್ಯಾನೇಜರಿಗೆ ಇಮೇಲ್ ಬರೆದೆವು, ಮಾಲೀಕರಿಗೂ ಒಂದು ಪ್ರತಿ. ಹಿಂದಿಯಲ್ಲಿ ಬರೆದದ್ದರ ಮುಖ್ಯ ಭಾಗ ಇದು:

“ನಮಸ್ಕಾರ. ನಾಲ್ಕು ವಾರದಲ್ಲಿ ನಮ್ಮ 212 ಆರ್ಡರುಗಳಲ್ಲಿ 14ಕ್ಕೆ ಮಾಲು ಇಲ್ಲವೆಂದು ನಿಮ್ಮಿಂದ ಉತ್ತರ ಬಂದಿದೆ. ಅದರಲ್ಲಿ 5 ನಮ್ಮ ಸೈಟಿನ ತಪ್ಪು, ಸರಿಪಡಿಸಿದ್ದೇವೆ. ಉಳಿದ 9ರ ಪಟ್ಟಿ ಲಗತ್ತಿಸಿದೆ. ಪ್ರತಿಯೊಂದಕ್ಕೂ ನಾವು ಫೈಲು ಓದಿದ ಹೊತ್ತು, ಆಗ ಅದರಲ್ಲಿದ್ದ ಸಂಖ್ಯೆ, ಆರ್ಡರಿನ ಹೊತ್ತು, ಸೊನ್ನೆ ಬಂದ ಹೊತ್ತು ಬರೆದಿದ್ದೇವೆ. ಆ ಮಾಲು ನಿಮ್ಮಲ್ಲಿ ನಿಜಕ್ಕೂ ಯಾವಾಗ ಮುಗಿಯಿತು ಎಂಬ ಅಂಕಣ ಖಾಲಿ ಇದೆ, ದಯವಿಟ್ಟು ತುಂಬಿಕೊಡಿ. ಸಂಜೆ 7ರಿಂದ 8ರೊಳಗೆ ನೂರಕ್ಕೂ ಹೆಚ್ಚು ಸಾಲು ಬದಲಾಗುತ್ತಿರುವುದನ್ನು ಒಂದು ವಾರ ನೋಡಿದ್ದೇವೆ. ನಮ್ಮದು ಒಂದೇ ಪ್ರಶ್ನೆ: ಅಂಗಡಿಯ ಕೌಂಟರಿನಲ್ಲಿ ಮಾರಾಟವಾದ ಸೀರೆ ಸ್ಟಾಕಿನಿಂದ ಕಳೆಯುವುದು ಮಾರಿದ ಕ್ಷಣಕ್ಕೋ, ದಿನದ ಕೊನೆಗೋ?”

ಇದರ ಕೆಳಗೆ ಮೂರು ಕೋರಿಕೆ ಇಟ್ಟೆವು. ಕೌಂಟರ್ ಮಾರಾಟವನ್ನು ದಿನದಲ್ಲಿ ಒಂದಕ್ಕಿಂತ ಹೆಚ್ಚು ಸಲ ಏರಿಸಬೇಕು. ಮಾಲು ಮುಗಿದಾಗ ಸಾಲನ್ನು ಅಳಿಸದೆ ಸೊನ್ನೆ ಬರೆಯಬೇಕು. ನಮ್ಮ ಆರ್ಡರಿಗೆ ಮಾಲು ಇಲ್ಲದಿದ್ದರೆ ಅಂಗಡಿ ತೆರೆದಿರುವ ಹೊತ್ತಿನ ನಾಲ್ಕು ಗಂಟೆಯೊಳಗೆ ತಿಳಿಸಬೇಕು. ಇದರಿಂದ ನಮಗಾಗುವ ನಷ್ಟವನ್ನೂ ಬರೆದೆವು. 1,450 ರೂಪಾಯಿಯ ಆರ್ಡರಿನಲ್ಲಿ ಪೇಮೆಂಟ್ ಗೇಟ್‌ವೇ ಶೇ. 2ರಂತೆ 29 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ 5 ರೂಪಾಯಿ 22 ಪೈಸೆ ಹಿಡಿಯುತ್ತದೆ. ಗ್ರಾಹಕರಿಗೆ ಪೂರ್ತಿ ಹಣ ವಾಪಸು ಮಾಡಿದರೂ ನಮ್ಮ ಗೇಟ್‌ವೇ ಈ 34 ರೂಪಾಯಿ 22 ಪೈಸೆಯನ್ನು ತಿರುಗಿ ಕೊಡುವುದಿಲ್ಲ.

ಗ್ರಾಹಕರ ಮುಂದೆ ಹೊಣೆ ನಮ್ಮದೇ ಎಂಬುದನ್ನೂ ಸ್ಪಷ್ಟವಾಗಿ ಬರೆದೆವು. ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು, 2020ರ ಪ್ರಕಾರ ಗ್ರಾಹಕರ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಸೂರತ್ತಿನವರು ಮಾಲು ಕೊಡಲಿಲ್ಲ ಎಂಬ ಮಾತನ್ನು ಹಾವೇರಿಯ ಗ್ರಾಹಕರ ಮುಂದೆ ಹೇಳಿ ನಾವು ಕೈತೊಳೆದುಕೊಳ್ಳಲು ಬರುವುದಿಲ್ಲ.

ಕೌಂಟರಿನ ಚೀಟಿ

ಎರಡು ದಿನದ ನಂತರ ಮ್ಯಾನೇಜರರೇ ಅತ್ತಿಗೆಗೆ ಫೋನ್ ಮಾಡಿದರು. “ಬೆಹೆನ್‌ಜೀ, ನಿಮ್ಮ ಹಸಿರು ಸೀರೆಯ ಚೀಟಿ ಸಿಕ್ಕಿತು” ಎಂದರು. ಆಗಸ್ಟ್ 9ಕ್ಕೆ ರಕ್ಷಾಬಂಧನ. ಅದರ ಹಿಂದಿನ ದಿನಗಳಲ್ಲಿ ಅಂಗಡಿ ತುಂಬಿರುತ್ತಿತ್ತು. ಗದ್ದಲದಲ್ಲಿ ಬಿಲ್ ಹಾಕುತ್ತ ನಿಲ್ಲಲಾಗದೆ ಕೌಂಟರಿನ ಹುಡುಗರು ಚೀಟಿ ಬರೆದು ಮೊಳೆಗೆ ಚುಚ್ಚುತ್ತಿದ್ದರು. ಸಂಜೆ ಲೆಕ್ಕದವರು ಬಂದು ಆ ಚೀಟಿಗಳನ್ನು ಬಿಲ್ಲಿಂಗಿಗೆ ಏರಿಸುತ್ತಿದ್ದರು. ನಮ್ಮ ಎರಡು ಹಸಿರು ಸೀರೆಯೂ ಮಧ್ಯಾಹ್ನ 12.10ಕ್ಕೆ ಒಂದೇ ಚೀಟಿಯಲ್ಲಿ ಹೋಗಿದ್ದವು. ಬಿಲ್ಲಿಂಗಿಗೆ ಏರಿದ್ದು ಸಂಜೆ 7.40ಕ್ಕೆ. ಆ ಏಳೂವರೆ ಗಂಟೆ ಫೈಲು ಪ್ರತಿ ಗಂಟೆಯೂ ಹೊಸ ಸಮಯ ಹಾಕಿಕೊಂಡು ಸೀರೆ ಇದೆ ಎನ್ನುತ್ತಲೇ ಇತ್ತು.

ಖಾಲಿ ಅಂಕಣವನ್ನು ಅವರು ತುಂಬಿಕೊಟ್ಟ ಮೇಲೆ 9ರಲ್ಲಿ 7 ಈ ಚೀಟಿಯ ಕಥೆಯೇ ಎಂದು ತಿಳಿಯಿತು. ಉಳಿದ ಎರಡು ಬೇರೆ: ನಮ್ಮ ಆರ್ಡರ್ ಬಂದಾಗ ಸೀರೆ ಇತ್ತು, ಪಾರ್ಸೆಲ್ ಕಟ್ಟುವ ಹೊತ್ತಿಗೆ ಕೌಂಟರಿನವರು ಅದನ್ನೇ ಇನ್ನೊಬ್ಬರಿಗೆ ಕೊಟ್ಟಿದ್ದರು. ನಮ್ಮ ಆರ್ಡರ್ ಬಂದ ಕೂಡಲೇ ಕಂಪ್ಯೂಟರಿನಲ್ಲಿ ಒಂದು ಕಳೆಯುತ್ತಿತ್ತು, ಆದರೆ ಕಪಾಟಿನಿಂದ ಸೀರೆಯನ್ನು ಯಾರೂ ತೆಗೆದಿಡುತ್ತಿರಲಿಲ್ಲ.

ಕೇಳಿದ್ದೆಲ್ಲವೂ ಸಿಗಲಿಲ್ಲ. ಹಬ್ಬದ ಸೀಸನ್ನಿನಲ್ಲಿ ಪ್ರತಿ ಮಾರಾಟಕ್ಕೂ ಕೂಡಲೇ ಬಿಲ್ ಹಾಕುವುದು ಆಗದ ಮಾತು ಎಂದರು. ಚೀಟಿಗಳನ್ನು ಮಧ್ಯಾಹ್ನ 1ಕ್ಕೆ, ಸಂಜೆ 4ಕ್ಕೆ ಮತ್ತು ಅಂಗಡಿ ಮುಚ್ಚುವಾಗ, ಹೀಗೆ ದಿನಕ್ಕೆ ಮೂರು ಸಲ ಏರಿಸಲು ಒಪ್ಪಿದರು. ಸೊನ್ನೆ ಬರೆಯಲೂ ಒಪ್ಪಿದರು. ಆನ್‌ಲೈನ್ ಆರ್ಡರ್ ಬಂದ ಸೀರೆಯನ್ನು ಬೇರೆ ಕಪಾಟಿನಲ್ಲಿ ಇಡಿಸುವುದಾಗಿಯೂ ಹೇಳಿದರು. ಗೇಟ್‌ವೇ ಹಣದ ಬಗ್ಗೆ ಏನನ್ನೂ ಹೇಳಲಿಲ್ಲ.

ಒಪ್ಪಿದ ಮಾತು ನಡೆಯುತ್ತಿದೆಯೇ ಎಂದು ನೋಡಲು ಮತ್ತೆ ಅದೇ ಎಣಿಕೆ ಮಾಡಿದೆವು. ನೂರು ಸಾಲಿನ ಒಂದೇ ಗುಡ್ಡದ ಬದಲು ಈಗ ಒಂದು, ನಾಲ್ಕು ಮತ್ತು ಎಂಟರ ಸುಮಾರಿಗೆ ಮೂರು ಸಣ್ಣ ದಿಬ್ಬಗಳು ಕಂಡವು. ಮುಂದಿನ ನಾಲ್ಕು ವಾರದಲ್ಲಿ ಬಂದ 190 ಆರ್ಡರುಗಳಲ್ಲಿ ಮಾಲಿಲ್ಲದ್ದು 3.

ಕೊನೆಯ ಎರಡು ಸೀರೆ

ಆ ಮೂರನ್ನು ಸೊನ್ನೆ ಮಾಡಲು ಯಾವ ಫೈಲಿನಿಂದಲೂ ಆಗುವುದಿಲ್ಲ. ಅದೇ ಫೈಲನ್ನು ಓದುವ ಅಂಗಡಿಗಳು ನಮ್ಮಂಥವು ಇನ್ನೂ ಇವೆ. ಕೊನೆಯ ಒಂದು ಸೀರೆ ಎಲ್ಲರ ಪುಟದಲ್ಲೂ ಒಂದು ಎಂದೇ ಕಾಣುತ್ತದೆ. ಎರಡು ಊರಿನ ಇಬ್ಬರು ಒಂದೇ ಗಂಟೆಯಲ್ಲಿ ಅದಕ್ಕೆ ದುಡ್ಡು ಕಟ್ಟಿದರೆ ಒಬ್ಬರಿಗೆ ಇಲ್ಲ ಎನ್ನಲೇಬೇಕು.

ಇದಕ್ಕೆ ಸಾಮಾನ್ಯವಾಗಿ ಹೇಳುವ ಉಪಾಯ, ಫೈಲಿನ ಸಂಖ್ಯೆಯಲ್ಲಿ ಎರಡು ಕಳೆದು ತೋರಿಸುವುದು. ಒಂದೇ ಮಾದರಿಯ ನೂರಾರು ಮಾಲು ಇರುವ ವ್ಯಾಪಾರಕ್ಕೆ ಅದು ಹೊಂದುತ್ತದೆ. ಸೀರೆಯಲ್ಲಿ ಹಾಗಿಲ್ಲ. ನಮ್ಮ ಪಟ್ಟಿಯ 1,200 ವಿನ್ಯಾಸಗಳಲ್ಲಿ ಸುಮಾರು 500ಕ್ಕೆ ಎರಡು ಅಥವಾ ಒಂದೇ ಸೀರೆ ಇರುತ್ತದೆ. ಎರಡು ಕಳೆದರೆ ಅವೆಲ್ಲವೂ ಪುಟದಿಂದ ಮರೆಯಾಗುತ್ತವೆ.

ಹಾಗಾಗಿ ಅತ್ತಿಗೆ ಬೇರೆ ದಾರಿ ಹಿಡಿದರು. ಫೈಲಿನಲ್ಲಿ ಮೂರು ಅಥವಾ ಹೆಚ್ಚು ಇದ್ದರೆ ಎಂದಿನಂತೆ ಕೊಳ್ಳಬಹುದು. ಎರಡು ಅಥವಾ ಒಂದು ಇದ್ದರೆ ಹಣ ಕಟ್ಟುವ ಗುಂಡಿಯ ಜಾಗದಲ್ಲಿ “ಇದೆಯೇ ಎಂದು ಕೇಳಿ ಹೇಳುತ್ತೇವೆ” ಎಂಬ ಗುಂಡಿ ಬರುತ್ತದೆ. ಅದನ್ನು ಒತ್ತಿದವರ ನಂಬರು ಅತ್ತಿಗೆಯ ಫೋನಿಗೆ ಬರುತ್ತದೆ. ಅವರು ಸೂರತ್ತಿಗೆ ಫೋನ್ ಮಾಡುತ್ತಾರೆ, ಅಲ್ಲಿ ಸೀರೆಯನ್ನು ಕಪಾಟಿನಿಂದ ತೆಗೆದಿಟ್ಟ ಮೇಲೆ ಗ್ರಾಹಕರಿಗೆ ಹಣ ಕಟ್ಟುವ ಲಿಂಕು ಹೋಗುತ್ತದೆ. ದಿನಕ್ಕೆ ಆರೇಳು ಫೋನು ಹೆಚ್ಚಾಗಿವೆ. ಕಾಯಲಾರದೆ ಹೋಗುವ ಗ್ರಾಹಕರೂ ಇದ್ದಾರೆ.

ಹಾವೇರಿಯ ಆ ತಾಯಿಗೆ ದಾವಣಗೆರೆಯಲ್ಲೇ ಒಂದು ಹಸಿರು ಸೀರೆ ಹುಡುಕಿ, ಬಸ್ಸಿನ ಪಾರ್ಸೆಲ್ಲಿನಲ್ಲಿ ಕಳಿಸಿದೆವು. ಅವರ ಮಾತನ್ನು ಅತ್ತಿಗೆ ಮರೆತಿಲ್ಲ. ಈಗಲೂ ಕೆಲವರಿಗೆ ಇಲ್ಲ ಎನ್ನಬೇಕಾಗುತ್ತದೆ, ಆದರೆ ಕೊನೆಯ ಎರಡು ಸೀರೆಯ ವಿಷಯದಲ್ಲಿ ರೊಕ್ಕ ತಗೊಳ್ಳುವ ಮೊದಲೇ ಅನ್ನುತ್ತೇವೆ.